ಒದ್ದೆ ಮಾಡಿದಾಗ ಬಯಲಾಗುವ ಬಣ್ಣ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಹಳೆಯ ಮನೆಗಳಲ್ಲಿ ಹಬ್ಬಕ್ಕೆ ಮುನ್ನ ಗೋಡೆಗೆ ನೀಲಿ ಬೆರೆಸಿದ ಸುಣ್ಣ ಬಳಿಯುವ ರೂಢಿ ಬಹುಕಾಲ ನಡೆದುಬಂದಿತ್ತು. ಹಸಿಯಾಗಿರುವಾಗ ಮಾಸಲಾಗಿ, ಕೆಳಗಿನ ಕಲೆಗಳನ್ನೆಲ್ಲ ತೋರಿಸುತ್ತಿದ್ದ ಸುಣ್ಣ ಒಣಗುತ್ತ ಹೋದಂತೆ ಬೆಳ್ಳಗಾಗುವುದನ್ನು ಅಲ್ಲಿನವರೆಲ್ಲ ಕಂಡಿದ್ದಾರೆ. ಇದರ ಕಾರಣ ತಿಳಿದವರಿಗೆ ಅಂಗಡಿಯಲ್ಲಿ ಒಂದು ಕಂಪನಿಯ ಡಬ್ಬಿಯನ್ನು ಇನ್ನೊಂದರೊಡನೆ ಹೋಲಿಸುವುದು ಸುಲಭವಾಗುತ್ತದೆ.

ಸುಣ್ಣದ ನಂತರ ಡಿಸ್ಟೆಂಪರ್ ಬಂದಿತು, ಅದರ ನಂತರ ಎಮಲ್ಷನ್ ಬಂದಿತು. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರು 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ ಬರೆದ ‘ಗಟ್ಟು’ ಎಂಬ ಹುಡುಗನ ಚಿತ್ರ ಆ ಬದಲಾವಣೆಯ ಕಾಲದ್ದು. ಎಮಲ್ಷನ್ ಎಂದರೆ ನೀರಿನಲ್ಲಿ ಕದಡಿದ ಅಕ್ರಿಲಿಕ್ ಅಂಟು, ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಪುಡಿ ಮತ್ತು ಸೀಮೆಸುಣ್ಣದಂಥ ಅಗ್ಗದ ಪುಡಿಗಳ ಮಿಶ್ರಣ. ಇವುಗಳಲ್ಲಿ ಟೈಟಾನಿಯಂ ಬೆಳಕನ್ನು ಬಲವಾಗಿ ಚದುರಿಸಿ ಗೋಡೆಯನ್ನು ಮರೆಮಾಡುತ್ತದೆ, ಆದರೆ ಅದು ದುಬಾರಿ. ಆದ್ದರಿಂದ ಅಗ್ಗದ ಬಣ್ಣದಲ್ಲಿ ಅಂಟನ್ನೂ ಟೈಟಾನಿಯಂ ಅನ್ನೂ ಇಳಿಸಿ ಸೀಮೆಸುಣ್ಣ ಹೆಚ್ಚಿಸಲಾಗುತ್ತದೆ. ಒಣಗಿದ ಮೇಲೆ ಪುಡಿಯ ಕಣಗಳ ನಡುವೆ ಅಂಟು ಸಾಲದೆ ಗಾಳಿಯ ಸಣ್ಣ ಸಂದುಗಳು ಉಳಿಯುತ್ತವೆ. ಆ ಸಂದುಗಳೂ ಬೆಳಕನ್ನು ಚದುರಿಸುವುದರಿಂದ ಗೋಡೆ ಬೆಳ್ಳಗೆ ಕಾಣುತ್ತದೆ. ಸುಣ್ಣದ ಬಿಳುಪೂ ಇದೇ ಬಗೆಯದು.

ಸಂದುಗಳಿಗೆ ನೀರು ಹೊಕ್ಕರೆ ಈ ಬಿಳುಪು ನಿಲ್ಲುವುದಿಲ್ಲ, ಪರೀಕ್ಷೆಯ ಗುಟ್ಟು ಇರುವುದು ಇಲ್ಲಿಯೇ. ಒಂದು ಹಲಗೆಯ ಅರ್ಧಕ್ಕೆ ಕಪ್ಪು, ಅರ್ಧಕ್ಕೆ ಬಿಳಿ ಎನಾಮಲ್ ಹಚ್ಚಿ ಒಣಗಿಸಿ, ಅದರ ಮೇಲೆ ಹೋಲಿಸಬೇಕಾದ ಬಣ್ಣಗಳನ್ನು ಡಬ್ಬಿಯಲ್ಲಿ ಹೇಳಿದಷ್ಟೇ ನೀರು ಬೆರೆಸಿ ಪಕ್ಕಪಕ್ಕದಲ್ಲಿ ಎರಡೆರಡು ಕೋಟು ಹಚ್ಚಬೇಕು. ಎರಡು ದಿನ ಒಣಗಿದ ಮೇಲೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟು ನೋಡಬೇಕು. ಒಣಗಿದ್ದಾಗ ಎರಡೂ ಬಣ್ಣಗಳು ಕಪ್ಪನ್ನು ಸಮನಾಗಿ ಮುಚ್ಚಿದ್ದರೂ, ಒಂದರ ಅಡಿಯಿಂದ ಕಪ್ಪು ಮತ್ತೆ ಇಣುಕಿದರೆ ಆ ಬಣ್ಣ ಮುಚ್ಚಿದ್ದು ಗಾಳಿಯ ಬಲದಿಂದ ಎಂದರ್ಥ. ಅಂಥ ಬಣ್ಣ ಕಲೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ತೊಳೆದರೆ ಪುಡಿ ಬಿಡುತ್ತದೆ. ತೊಳೆಯುವಿಕೆಯನ್ನು ನೇರವಾಗಿ ನೋಡಬೇಕಾದರೆ ಮೂರು–ನಾಲ್ಕು ವಾರ ಕಾಯಬೇಕು, ಏಕೆಂದರೆ ಅಂಟಿನ ಪದರ ಪೂರ್ತಿ ಗಟ್ಟಿಯಾಗಲು ಅಷ್ಟು ಕಾಲ ಹಿಡಿಯುತ್ತದೆ. ಆಮೇಲೆ ಸಾಬೂನು ನೀರಿನ ಬಟ್ಟೆಯಿಂದ ಉಜ್ಜಿದಾಗ ಬಟ್ಟೆಗೆ ಬಣ್ಣ ಹತ್ತುವುದನ್ನೂ ಉಜ್ಜಿದ ಜಾಗ ಮಾತ್ರ ಹೊಳಪೇರುವುದನ್ನೂ ಗಮನಿಸಬೇಕು. ಯುರೋಪಿನ ಮಾನದಂಡದಲ್ಲಿ ಒರಟು ಪ್ಯಾಡಿನಿಂದ 200 ಸಲ ಒದ್ದೆಯಾಗಿ ಉಜ್ಜಿದಾಗ 5 ಮೈಕ್ರಾನ್‌ಗಿಂತ ಕಡಿಮೆ ಸವೆದ ಬಣ್ಣಕ್ಕೆ ಮೊದಲ ದರ್ಜೆ ಸಲ್ಲುತ್ತದೆ. ಡಬ್ಬಿಯ ಮೇಲೆ ‘ವಾಶೆಬಲ್’ ಎಂದು ಬರೆದ ಮಾತ್ರಕ್ಕೆ ಆ ದರ್ಜೆ ಬರುವುದಿಲ್ಲ.

ಬೆಲೆಯ ಲೆಕ್ಕವನ್ನು ಲೀಟರಿಗೆ ಹಾಕದೆ ಮುಗಿದ ಗೋಡೆಗೆ ಹಾಕುವುದು ಸರಿ. ಹತ್ತಕ್ಕೆ ಹನ್ನೆರಡು ಅಡಿಯ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಗೋಡೆಗಳು 440 ಚದರ ಅಡಿ, ಬಾಗಿಲು–ಕಿಟಕಿ ಕಳೆದರೆ ಸುಮಾರು 390. ಲೀಟರಿಗೆ 150 ರೂಪಾಯಿಯ ಬಣ್ಣ ಎರಡು ಕೋಟಿನಲ್ಲಿ 60 ಚದರ ಅಡಿ ಮುಚ್ಚುತ್ತದೆ, 260 ರೂಪಾಯಿಯದು 110 ಮುಚ್ಚುತ್ತದೆ ಎಂದಿಟ್ಟುಕೊಂಡರೆ, ಮೊದಲನೆಯದಕ್ಕೆ ಆರೂವರೆ ಲೀಟರಿನಂತೆ 975 ರೂಪಾಯಿ, ಎರಡನೆಯದಕ್ಕೆ ಮೂರೂವರೆ ಲೀಟರಿಗಿಂತ ತುಸು ಹೆಚ್ಚು ಸಾಕಾಗಿ ಸುಮಾರು 920 ರೂಪಾಯಿ ಆಗುತ್ತದೆ. ಹೋಲಿಸುವಾಗ ಡಬ್ಬಿಯ ಮೇಲಿನ ಅಳತೆ ಒಂದು ಕೋಟಿನದೋ ಎರಡರದೋ ಎಂದು ನೋಡದಿದ್ದರೆ ಲೆಕ್ಕವೇ ತಲೆಕೆಳಗಾಗುತ್ತದೆ.

ಹೊಳಪಿನ ಆಯ್ಕೆ ಗೋಡೆಯನ್ನು ಅವಲಂಬಿಸುತ್ತದೆ. ಅಂಟು ಹೆಚ್ಚಿರುವ ಹೊಳಪಿನ ಬಣ್ಣ ಚೆನ್ನಾಗಿ ತೊಳೆಯಲು ಬರುತ್ತದೆಯಾದರೂ ಗಿಲಾವಿನ ಏರುತಗ್ಗುಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣ ಅವನ್ನು ಅಡಗಿಸಿದರೂ ಕೈಕಲೆ ಹಿಡಿಯುತ್ತದೆ. ಹಾಗಾಗಿ ಅಡುಗೆಮನೆಗೂ ಮಕ್ಕಳ ಕೈ ತಾಗುವ ಪಡಸಾಲೆಗೂ ನಸುಹೊಳಪಿನದು, ಚಾವಣಿಗೆ ಮ್ಯಾಟ್ ಹೊಂದುತ್ತವೆ. ವಾಸನೆ ಕಡಿಮೆಯಿದೆ ಎಂಬುದು ಆವಿಯಾಗುವ ರಾಸಾಯನಿಕ ಕಡಿಮೆಯಿದೆ ಎಂಬುದಕ್ಕೆ ಪುರಾವೆಯಲ್ಲ, ಏಕೆಂದರೆ ಪರಿಮಳ ಬೆರೆಸಿ ವಾಸನೆಯನ್ನು ಮರೆಸಬಹುದು. ಆದ್ದರಿಂದ ಡಬ್ಬಿಯ ಮೇಲೆ ಲೀಟರಿಗೆ ಇಷ್ಟು ಗ್ರಾಂ ವಿ.ಒ.ಸಿ. ಎಂಬ ಅಂಕಿಯನ್ನೇ ಹುಡುಕಬೇಕು. ಸೀಸದ ಪ್ರಮಾಣಕ್ಕೆ 2017ರ ನವೆಂಬರ್‌ನಿಂದ 90 ಪಿಪಿಎಂ ಮಿತಿ ಕಡ್ಡಾಯವಾಗಿದೆ.

ಕಲ್ಲು–ಮಣ್ಣಿನ ಗೋಡೆಗಳ ಹಳೆಯ ಮನೆಗಳ ಮಾತು ಬೇರೆ. ಬುಡದಿಂದ ಏರುವ ತೇವ ಸವಳಿನ ಉಪ್ಪನ್ನು ಹೊತ್ತು ತರುತ್ತದೆ. ಎಮಲ್ಷನ್ನಿನ ಬಿಗಿ ಪದರದ ಹಿಂದೆ ಆ ಉಪ್ಪು ಬೆಳ್ಳಗೆ ಹೂಬಿಟ್ಟು, ಎಷ್ಟೇ ಬೆಲೆಯ ಬಣ್ಣವಾದರೂ ಹೊಪ್ಪಳಿಕೆಯಾಗಿ ಏಳುತ್ತದೆ. ಅಂಥ ಗೋಡೆ ಉಸಿರಾಡಲು ಬಿಡುವ ಸುಣ್ಣವೇ ಅದಕ್ಕೆ ತಕ್ಕದ್ದು. ಆದರೆ ಹರಳು ಸುಣ್ಣವನ್ನು ಅರಳಿಸಿ, ಸೋಸಿ, ಹದವಾಗಿ ಬಳಿಯಬಲ್ಲ ಕೈಗಳು ಈಗ ಕಡಿಮೆಯಾಗುತ್ತಿವೆ, ಹಾಗಾಗಿ ಸುಣ್ಣ ಬೇಕೆಂದವರೂ ಕೊನೆಗೆ ಡಬ್ಬಿಯನ್ನೇ ತರುತ್ತಾರೆ.