ಮೂವತ್ತು ಮೀಟರಿನಲ್ಲಿ ಹದಿನೆಂಟು ಮಿಲಿಮೀಟರು

ಮೂವತ್ತು ಮೀಟರು ಅಗಲದ ಉಕ್ಕಿನ ಶೆಡ್ಡೊಂದನ್ನು ನಿಲ್ಲಿಸಬೇಕಾಗಿದೆ ಎನ್ನಿ. ಕಂಬಗಳೂ ಮೇಲಿನ ತೊಲೆಗಳೂ ದೂರದ ವರ್ಕ್‌ಶಾಪಿನಲ್ಲಿ ತಯಾರಾಗುತ್ತಿವೆ. ಸೈಟಿನಲ್ಲಿ ಆಗಬೇಕಾದದ್ದು ಕಂಬಗಳನ್ನು ಹಿಡಿದಿಡುವ ಬೋಲ್ಟುಗಳನ್ನು ಸರಿಯಾದ ಜಾಗದಲ್ಲಿ ಕಾಂಕ್ರೀಟಿನಲ್ಲಿ ಹೂಳುವ ಕೆಲಸ. ಎರಡೂ ಬದಿಯಲ್ಲಿ ಪಾಯದ ಗುಂಡಿ ತೋಡಿದ್ದಾರೆ, ನಡುವೆ ಮಣ್ಣಿನ ಗುಡ್ಡೆ, ಹಳ್ಳ, ಕಂಬಿಗಳ ರಾಶಿ. ಟೇಪನ್ನು ನೆಲಕ್ಕೆ ಹಾಸುವಂತಿಲ್ಲ. ಒಬ್ಬರು ಈ ಕಡೆಯ ಗೂಟದ ಮೇಲೆ ಸೊನ್ನೆ ಹಿಡಿಯುತ್ತಾರೆ, ಇನ್ನೊಬ್ಬರು ಆ ಕಡೆಯಿಂದ ಎಳೆಯುತ್ತಾರೆ, ಟೇಪು ನಡುವೆ ಗಾಳಿಯಲ್ಲಿ ತೂಗುತ್ತದೆ. ಮೂವತ್ತು ಬಂದ ಕಡೆ ಗುರುತು ಹಾಕಿ ಬೋಲ್ಟು ಕೂರಿಸುತ್ತಾರೆ. ಮುಂದೆ ತೊಲೆ ಬಂದು ಕೂರುವ ದಿನ ಎರಡು ಸೆಂಟಿಮೀಟರು ಸಾಲದೆ ಬಂದರೆ ತಪ್ಪು ವರ್ಕ್‌ಶಾಪಿನದು ಎಂದು ಬಗೆಯುವವರೇ ಹೆಚ್ಚು. ಆದರೆ ಆ ಎರಡು ಸೆಂಟಿಮೀಟರು ಟೇಪು ತೂಗಿದ ಹೊತ್ತಿನಲ್ಲೇ ಹೋಗಿರಬಹುದು.

ಒಳ್ಳೆಯ ಟೇಪು ಕೊಂಡರೆ ಈ ತೊಂದರೆ ಇಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಟೇಪಿನ ಮೊದಲ ಗೇಣಿನ ಮೇಲೆ ಸಣ್ಣ ಅಂಡಾಕಾರದೊಳಗೆ I, II ಅಥವಾ III ಎಂದು ರೋಮನ್ ಅಂಕಿ ಅಚ್ಚಾಗಿರುವುದನ್ನು ನೋಡಿರಬಹುದು. ಅದೇ ನಿಖರತೆಯ ವರ್ಗ. ಮೊದಲನೆಯ ವರ್ಗದ ಟೇಪಿನಲ್ಲಿ 0.1 ಮಿಲಿಮೀಟರು ಮತ್ತು ಪ್ರತಿ ಮೀಟರಿಗೆ ಇನ್ನೂ 0.1 ಮಿಲಿಮೀಟರಿನಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಎರಡನೆಯದರಲ್ಲಿ 0.3 ಮತ್ತು ಪ್ರತಿ ಮೀಟರಿಗೆ 0.2, ಮೂರನೆಯದರಲ್ಲಿ 0.6 ಮತ್ತು ಪ್ರತಿ ಮೀಟರಿಗೆ 0.4. ಮೂವತ್ತು ಮೀಟರಿಗೆ ಲೆಕ್ಕ ಹಾಕಿದರೆ ಮೊದಲನೆಯ ವರ್ಗ 3.1 ಮಿಲಿಮೀಟರು, ಎರಡನೆಯದು 6.3, ಮೂರನೆಯದು 12.6 ಮಿಲಿಮೀಟರು ಆ ಕಡೆಗೋ ಈ ಕಡೆಗೋ ಇರಬಹುದು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಒಳ್ಳೆಯ ಟೇಪು ಎರಡನೆಯ ವರ್ಗದ್ದು.

ಈ ಅಂಕಿಯ ಪಕ್ಕದಲ್ಲೇ ಇನ್ನೆರಡು ಬರಹಗಳಿರುತ್ತವೆ: 20°C ಮತ್ತು 50 N. ಅಳತೆಯಲ್ಲಿ ಪಳಗಿದವರು ಮೊದಲು ಓದುವುದು ಇವನ್ನೇ. ಟೇಪನ್ನು ಉದ್ದಕ್ಕೂ ಸಮತಟ್ಟಾದ ಆಸರೆಯ ಮೇಲೆ ಮಲಗಿಸಿ, ಉಕ್ಕು ಇಪ್ಪತ್ತು ಡಿಗ್ರಿಯಲ್ಲಿರುವಾಗ, ಐವತ್ತು ನ್ಯೂಟನ್ ಎಂದರೆ ಸುಮಾರು ಐದು ಕಿಲೋ ತೂಕದ ಬಲದಲ್ಲಿ ಎಳೆದು ಹಿಡಿದಾಗ ಮಾತ್ರ ಆ ವರ್ಗದ ಭರವಸೆ ಸಲ್ಲುತ್ತದೆ. ನಮ್ಮ ಸೈಟಿನಲ್ಲಿ ಈ ಮೂರು ಷರತ್ತುಗಳಲ್ಲಿ ಒಂದೂ ಇಲ್ಲ. ಆಸರೆ ಇಲ್ಲ, ಬಿಸಿಲು ನೆತ್ತಿಯ ಮೇಲಿದೆ, ಎಳೆತ ಎಳೆಯುವವರ ಮರ್ಜಿ.

ಆಸರೆಯಿಲ್ಲದ ಟೇಪು ಬಟ್ಟೆ ಒಣಹಾಕುವ ತಂತಿಯ ಹಾಗೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಹದಿಮೂರು ಮಿಲಿಮೀಟರು ಅಗಲ, 0.2 ಮಿಲಿಮೀಟರು ದಪ್ಪದ ಉಕ್ಕಿನ ಪಟ್ಟಿಯ ಒಂದು ಮೀಟರು ಸುಮಾರು ಇಪ್ಪತ್ತು ಗ್ರಾಂ ತೂಗುತ್ತದೆ. ಮೂವತ್ತು ಮೀಟರಿಗೆ ಆರುನೂರು ಗ್ರಾಂ ಚಿಲ್ಲರೆ, ಅಂದರೆ ಆರು ನ್ಯೂಟನ್. ಇದನ್ನು ಸರಿಯಾಗಿ 50 ನ್ಯೂಟನ್ ಬಲದಲ್ಲೇ ಎಳೆದರೂ ನಟ್ಟನಡುವೆ ಟೇಪು 45 ಸೆಂಟಿಮೀಟರು ಕೆಳಗಿಳಿದಿರುತ್ತದೆ. ಟೇಪಿನ ಗುಂಟ ಮೂವತ್ತು ಮೀಟರು ಇದೆ, ಆದರೆ ಎರಡು ಗೂಟಗಳ ನಡುವಿನ ನೇರ ದೂರ ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಎಂಬುದಕ್ಕೆ ಹಳೆಯ ಸೂತ್ರವೊಂದಿದೆ: ತೂಗುವ ಭಾಗದ ಒಟ್ಟು ತೂಕದ ವರ್ಗವನ್ನು ಉದ್ದದಿಂದ ಗುಣಿಸಿ, ಎಳೆತದ ವರ್ಗದ ಇಪ್ಪತ್ತನಾಲ್ಕರಷ್ಟರಿಂದ ಭಾಗಿಸಬೇಕು. ನಮ್ಮ ಟೇಪಿಗೆ 36 × 30 ಅನ್ನು 24 × 2500 ರಿಂದ ಭಾಗಿಸಿದರೆ 0.018 ಮೀಟರು, ಹದಿನೆಂಟು ಮಿಲಿಮೀಟರು. ಎರಡನೆಯ ವರ್ಗದ ಟೇಪಿಗೆ ಇರುವ ಅವಕಾಶದ ಸುಮಾರು ಮೂರರಷ್ಟು. ಹೆಚ್ಚು ದುಡ್ಡು ಕೊಟ್ಟು ಮೊದಲನೆಯ ವರ್ಗದ ಟೇಪು ತಂದಿದ್ದರೂ ಈ ಹದಿನೆಂಟರಲ್ಲಿ ಒಂದು ಮಿಲಿಮೀಟರೂ ಇಳಿಯುತ್ತಿರಲಿಲ್ಲ.

ಸೂತ್ರದಲ್ಲಿ ಎಳೆತ ವರ್ಗವಾಗಿ ಕೆಳಗೆ ಕೂತಿದೆ ಎಂಬುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ದಣಿದ ಕೈ ಐದು ಕಿಲೋದ ಬದಲು ಮೂರೇ ಕಿಲೋ ಬಲದಲ್ಲಿ ಎಳೆದರೆ ಕೊರತೆ ಹದಿನೆಂಟರಿಂದ ಐವತ್ತು ಮಿಲಿಮೀಟರಿಗೆ ಹಾರುತ್ತದೆ. ಬೆಳಿಗ್ಗೆ ಒಬ್ಬರು, ಊಟವಾದ ಮೇಲೆ ಇನ್ನೊಬ್ಬರು ಎಳೆದರೆ ಒಂದೇ ಸಾಲಿನ ಬೋಲ್ಟುಗಳು ಮೂರು ಸೆಂಟಿಮೀಟರು ಹಿಂದುಮುಂದಾಗುವುದು ಹೀಗೆ. ಇಬ್ಬರ ಟೇಪಿನಲ್ಲೂ ಓದಿದ್ದು ಮೂವತ್ತೇ ಆದ್ದರಿಂದ ಜಗಳ ಬಗೆಹರಿಯುವುದಿಲ್ಲ. ಇಂಥ ಕೆಲಸಕ್ಕೆ ಟೇಪಿನ ತುದಿಯ ಉಂಗುರಕ್ಕೆ ಸಿಕ್ಕಿಸುವ ಸ್ಪ್ರಿಂಗ್ ತಕ್ಕಡಿ ಬೇಕೇ ಬೇಕು. ಟೇಪಿನ ದರ್ಜೆ ಏರಿಸುವ ಮೊದಲು ಇದನ್ನು ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಇನ್ನೂ ಜೋರಾಗಿ ಎಳೆದರಾಯಿತಲ್ಲ ಎನ್ನಬಹುದು. ಎಳೆತವನ್ನು ನೂರು ನ್ಯೂಟನ್ನಿಗೆ, ಅಂದರೆ ಹತ್ತು ಕಿಲೋಗೆ ಏರಿಸಿದರೆ ಜೋಲಿನ ಕೊರತೆ ನಾಲ್ಕರಲ್ಲೊಂದಾಗಿ 4.5 ಮಿಲಿಮೀಟರಿಗೆ ಇಳಿಯುತ್ತದೆ. ಆದರೆ ಉಕ್ಕು ಕೂಡ ಹಿಗ್ಗುತ್ತದೆ. ಐವತ್ತಕ್ಕಿಂತ ಹೆಚ್ಚಾದ ಎಳೆತ ಮೂವತ್ತು ಮೀಟರಿನ ಈ ಟೇಪನ್ನು ಸುಮಾರು 2.9 ಮಿಲಿಮೀಟರು ಉದ್ದ ಮಾಡುತ್ತದೆ. ಜೋಲು ದೂರವನ್ನು ಕಡಿಮೆ ಮಾಡಿದರೆ ಹಿಗ್ಗು ಅದನ್ನು ಹೆಚ್ಚು ಮಾಡುತ್ತದೆ, ಒಂದು ಇನ್ನೊಂದನ್ನು ತಿನ್ನುತ್ತದೆ. ಉಳಿಯುವ ಕೊರತೆ 1.6 ಮಿಲಿಮೀಟರು ಮಾತ್ರ. ಇನ್ನೂ ಸ್ವಲ್ಪ ಏರಿಸಿ 112 ನ್ಯೂಟನ್ನಿಗೆ ತಂದರೆ ಎರಡೂ 3.6 ಮಿಲಿಮೀಟರಿಗೆ ಸಮನಾಗಿ, ತೂಗುತ್ತಿರುವ ಟೇಪು ಮಲಗಿಸಿದ ಟೇಪಿನಷ್ಟೇ ದೂರ ತೋರಿಸುತ್ತದೆ. ಸರ್ವೆ ಪಾಠಗಳಲ್ಲಿ ಇದಕ್ಕೆ ‘ನಾರ್ಮಲ್ ಟೆನ್ಷನ್’ ಎಂಬ ಹೆಸರು. ಇದರ ದೊಡ್ಡ ಲಾಭ ಸೊನ್ನೆ ತಿದ್ದುಪಡಿಯಲ್ಲಿ ಇಲ್ಲ, ಕೈಯ ತಪ್ಪನ್ನು ಮನ್ನಿಸುವುದರಲ್ಲಿ ಇದೆ. ಐವತ್ತರ ಬದಲು ನಲವತ್ತೈದು ಎಳೆದರೆ ಅಳತೆ ನಾಲ್ಕು ಮಿಲಿಮೀಟರು ಜಾರುತ್ತದೆ, 112ರ ಬದಲು 107 ಎಳೆದರೆ ಒಂದು ಮಿಲಿಮೀಟರೂ ಜಾರುವುದಿಲ್ಲ. ಹನ್ನೊಂದು ಕಿಲೋ ಬಲವನ್ನು ಬರಿಗೈಯಲ್ಲಿ ಅಲುಗದಂತೆ ಹಿಡಿಯುವುದು ಕಷ್ಟ ನಿಜ. ಕೋಲೊಂದನ್ನು ನೆಲಕ್ಕೆ ಊರಿ, ಟೇಪನ್ನು ಅದಕ್ಕೆ ಸಿಕ್ಕಿಸಿ, ಕೋಲನ್ನು ಮೀಟುಗೋಲಿನಂತೆ ಹಿಂದಕ್ಕೆ ವಾಲಿಸಿದರೆ ಮೈಭಾರವೇ ಎಳೆಯುತ್ತದೆ.

ಆಸರೆ ಕೊಡುವುದು ಇನ್ನೊಂದು ದಾರಿ. ನಟ್ಟನಡುವೆ ಒಂದೇ ಒಂದು ಗೂಟ ನೆಟ್ಟು, ತುದಿಗಳ ಮಟ್ಟಕ್ಕೇ ಟೇಪನ್ನು ಅದರ ಮೇಲೆ ಹಾಯಿಸಿದರೆ, 50 ನ್ಯೂಟನ್ ಎಳೆತದಲ್ಲೇ ಹದಿನೆಂಟು ಮಿಲಿಮೀಟರು ನಾಲ್ಕೂವರೆಗೆ ಬರುತ್ತದೆ. ಎರಡು ಗೂಟ ನೆಟ್ಟು ಮೂರು ಭಾಗ ಮಾಡಿದರೆ ಎರಡಕ್ಕೆ ಇಳಿಯುತ್ತದೆ. ಭಾಗಗಳ ಸಂಖ್ಯೆಯ ವರ್ಗದಷ್ಟು ಕೊರತೆ ಕುಗ್ಗುತ್ತದೆ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ವಿಲಿಯಂ ಲ್ಯಾಂಬ್ಟನ್ ಇಡೀ ಭಾರತದ ತ್ರಿಕೋನ ಸರ್ವೆಗೆ ಆಧಾರರೇಖೆ ಅಳೆಯುವಾಗ ಹಿಡಿದದ್ದು ಈ ದಾರಿಯನ್ನೇ. ನೂರಡಿಯ ಉಕ್ಕಿನ ಸರಪಳಿಯನ್ನು ತೂಗಬಿಡದೆ ಉದ್ದಕ್ಕೂ ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಜೊತೆಗೆ ತಾಪಮಾಪಕಗಳನ್ನಿಟ್ಟು ಏಳು ಮೈಲಿಗೂ ಹೆಚ್ಚು ದೂರ ಅಳೆದರು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರರೇಖೆಯನ್ನು ಅಳೆದರು.

ಟೇಪಿನ ತೂಕ ಗೊತ್ತಿಲ್ಲ, ತಕ್ಕಡಿಯೂ ಇಲ್ಲ, ಆದರೂ ಎಷ್ಟು ತಪ್ಪಿದೆ ಎಂದು ತಿಳಿಯಬೇಕು ಎನ್ನುವವರಿಗೆ ಒಂದು ಸರಳ ಉಪಾಯವಿದೆ. ಟೇಪು ನಟ್ಟನಡುವೆ ಎಷ್ಟು ಕೆಳಗಿಳಿದಿದೆ ಎಂಬುದನ್ನೇ ಅಳೆಯಿರಿ. ಮೇಸ್ತ್ರಿಗಳ ಬಳಿ ಇರುವ ನೀರು ತುಂಬಿದ ಲೆವೆಲ್ ಟ್ಯೂಬಿನಿಂದ ತುದಿಯ ಮಟ್ಟವನ್ನು ನಡುವಿನ ಕೋಲಿಗೆ ತಂದು, ಅಲ್ಲಿಂದ ಟೇಪಿನವರೆಗಿನ ಇಳಿತ ನೋಡಿದರಾಯಿತು. ಆ ಇಳಿತದ ವರ್ಗವನ್ನು ಎಂಟರಿಂದ ಗುಣಿಸಿ, ಉದ್ದದ ಮೂರರಷ್ಟರಿಂದ ಭಾಗಿಸಿದರೆ ಕೊರತೆ ಸಿಗುತ್ತದೆ. 0.45 ಮೀಟರು ಇಳಿದಿದ್ದರೆ 0.018, ಅದೇ ಹದಿನೆಂಟು ಮಿಲಿಮೀಟರು. 0.75 ಮೀಟರು ಇಳಿದಿದ್ದರೆ ಐವತ್ತು. ಆಕಾರವೇ ಎಲ್ಲವನ್ನೂ ಹೇಳುವುದರಿಂದ ತೂಕವೂ ಎಳೆತವೂ ಇಲ್ಲಿ ಬೇಕಾಗುವುದಿಲ್ಲ. ಎರಡು ತುದಿಗಳು ಒಂದೇ ಮಟ್ಟದಲ್ಲಿರಬೇಕು, ಗಾಳಿ ಬೀಸುತ್ತಿರಬಾರದು. ಗಾಳಿಗೆ ಟೇಪು ಪಕ್ಕಕ್ಕೂ ಉಬ್ಬುತ್ತದೆ. ಆಗ ಯಾವ ಸೂತ್ರವೂ ಉಪಯೋಗಕ್ಕಿಲ್ಲ, ಗಾಳಿ ನಿಲ್ಲುವವರೆಗೆ ಕಾಯುವುದೇ ಸರಿ.

ತಿದ್ದುಪಡಿ ಎಷ್ಟೆಂದು ಗೊತ್ತಾದ ಮೇಲೂ ಅದನ್ನು ಕೂಡಬೇಕೋ ಕಳೆಯಬೇಕೋ ಎಂಬಲ್ಲಿ ಅನುಭವಿಗಳೂ ಎಡವುತ್ತಾರೆ. ಈಗಾಗಲೇ ಇರುವ ಎರಡು ಗೂಟಗಳ ನಡುವಿನ ದೂರವನ್ನು ತೂಗುವ ಟೇಪಿನಲ್ಲಿ ಓದಿದ್ದರೆ, ಓದಿದ್ದರಿಂದ ಹದಿನೆಂಟು ಮಿಲಿಮೀಟರು ಕಳೆಯಬೇಕು. ಹೊಸದಾಗಿ ಮೂವತ್ತು ಮೀಟರಿಗೆ ಗೂಟ ನೆಡುವುದಾದರೆ ಕೂಡಬೇಕು. ಮೂವತ್ತು ಮೀಟರಿನ ಟೇಪಿನಲ್ಲಿ 30.018 ಎಂಬ ಗುರುತೇ ಇಲ್ಲವಲ್ಲ, ಹಾಗಾಗಿ ಮೂವತ್ತರಲ್ಲಿ ತೂಗುಗುಂಡು ಬಿಟ್ಟು ಅಲ್ಲಿಂದಾಚೆಗೆ ಸಣ್ಣ ಸ್ಕೇಲಿನಲ್ಲಿ ಹದಿನೆಂಟು ಅಳೆಯುತ್ತಾರೆ. ಬಿಸಿಲಿನ ತಿದ್ದುಪಡಿ ಇದಕ್ಕೆ ವಿರುದ್ಧ ದಿಕ್ಕಿನದು. ಟೇಪಿನ ಉಕ್ಕು ಮೂವತ್ತೈದು ಡಿಗ್ರಿಗೆ ಕಾದರೆ ಮೂವತ್ತು ಮೀಟರಿಗೆ ಐದು ಮಿಲಿಮೀಟರು ಚಿಲ್ಲರೆ ಹಿಗ್ಗಿರುತ್ತದೆ. ಲೆಕ್ಕಕ್ಕೆ ಬೇಕಾದದ್ದು ಗಾಳಿಯ ತಾಪವಲ್ಲ, ಟೇಪಿನದು. ಮುಖ್ಯ ಅಳತೆಗಳನ್ನು ಬೆಳಿಗ್ಗೆ ಬೇಗನೆ ಮುಗಿಸಿದರೆ ಈ ಗೊಡವೆ ಬಹುಪಾಲು ತಪ್ಪುತ್ತದೆ.

ಇಷ್ಟೆಲ್ಲ ತಿದ್ದಿದ ಮೇಲೆ ಉಳಿಯುವುದು ಟೇಪು ಹುಟ್ಟುವಾಗಲೇ ತಂದ ತಪ್ಪು, ಅಂದರೆ ವರ್ಗದ ಅಂಕಿ. ಅದನ್ನು ಎಳೆತದಿಂದಾಗಲಿ ಸೂತ್ರದಿಂದಾಗಲಿ ತೆಗೆಯಲಾಗದು. ಸೈಟಿನ ಟೇಪೂ ವರ್ಕ್‌ಶಾಪಿನ ಟೇಪೂ ಎರಡನೆಯ ವರ್ಗದವೇ ಆಗಿದ್ದು, ಒಂದು 6 ಮಿಲಿಮೀಟರು ಉದ್ದ, ಇನ್ನೊಂದು 6 ಗಿಡ್ಡವಾಗಿದ್ದರೆ, ಎರಡೂ ನಿಯಮದೊಳಗೇ ಇದ್ದು ತಮ್ಮತಮ್ಮಲ್ಲಿ 12 ಮಿಲಿಮೀಟರು ಬೇರೆಯಾಗಿರುತ್ತವೆ. ಕೆಲಸ ಶುರುವಾಗುವ ಮೊದಲೇ ಎರಡನ್ನೂ ವರ್ಕ್‌ಶಾಪಿನ ನೆಲದ ನೆರಳಿನಲ್ಲಿ ಅಕ್ಕಪಕ್ಕ ಮಲಗಿಸಿ, ಸೊನ್ನೆಗೆ ಸೊನ್ನೆ ಕೂಡಿಸಿ, ಒಂದೇ ತಕ್ಕಡಿಯಿಂದ ಐದೈದು ಕಿಲೋ ಬಲದಲ್ಲಿ ಎಳೆದು ಮೂವತ್ತರ ಗುರುತುಗಳನ್ನು ಹೋಲಿಸಬೇಕು. ಕಂಡ ವ್ಯತ್ಯಾಸವನ್ನು ಸೈಟಿನ ಟೇಪಿನ ಡಬ್ಬಿಯ ಮೇಲೆ ಅಳಿಸದ ಶಾಯಿಯಲ್ಲಿ ಬರೆದಿಡಬೇಕು. ಆ ಟೇಪು ತುಂಡಾಗಿ ಜೋಡಿಸಿಕೊಂಡರೆ, ಇಲ್ಲವೆ ಮಡಿಚಿ ಗೆರೆ ಬಿದ್ದರೆ, ಬರೆದದ್ದನ್ನು ಹೊಡೆದುಹಾಕಿ ಮತ್ತೆ ಹೋಲಿಸಬೇಕು.