ಎಳೆಯ ನಾಯಿ ನೆಲ ಕೆದಕುವುದೇಕೆ, ವಸ್ತುಗಳನ್ನು ಕಚ್ಚುವುದೇಕೆ?

ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರನ್ನೇ ಹೊತ್ತು, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಸ್ಥಾನ ಪಡೆದ ನಮ್ಮ ನಾಡಿನ ಬೇಟೆನಾಯಿಯು, ಬಯಲುಸೀಮೆಯ ಹೊಲಗಳಲ್ಲಿ ಮೊಲವನ್ನು ದೂರದಿಂದಲೇ ಕಂಡು ಬೆನ್ನಟ್ಟುವ ಕೆಲಸಕ್ಕಾಗಿ ತಲೆತಲಾಂತರದಿಂದ ಸಾಕಲ್ಪಟ್ಟ ಪ್ರಾಣಿ. ಅಂತಹ ನಾಯಿಯ ಮರಿಯೊಂದನ್ನು ತಂದು, ಬಳ್ಳಾರಿ ನಗರದ ಕಾಂಪೌಂಡಿನೊಳಗೆ ಹಗಲಿಡೀ ಸರಪಳಿಗೆ ಕಟ್ಟಿ, ಸಂಜೆ ಮಲಮೂತ್ರ ವಿಸರ್ಜನೆಗೆಂದು ಬೀದಿಯ ತಿರುವಿನವರೆಗೆ ಮಾತ್ರ ಕರೆದೊಯ್ದರೆ, ಓಟಕ್ಕೆಂದೇ ರೂಪುಗೊಂಡ ಆ ದೇಹದ ಶಕ್ತಿಯು ಬೇರೊಂದು ದಾರಿಯನ್ನು ಹುಡುಕಿಕೊಳ್ಳದೆ ಇರದು.

ಹತ್ತು ತಿಂಗಳ ಗಂಡುಮರಿಯೊಂದಿರುವ ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬಟ್ಟೆ ಒಗೆಯುವ ಕಲ್ಲಿನ ಬಳಿ ಒಂದು ಗುಂಡಿ, ಗೇಟಿನ ಬುಡದಲ್ಲಿ ಮತ್ತೊಂದು; ಬಾಯಿಗೆ ತುತ್ತಾದ ಚಪ್ಪಲಿ, ಬಕೆಟ್ಟಿನ ಹಿಡಿ, ಕಾಲೊರಸು. ಇನ್ನೂ ಹಲ್ಲು ಬರುತ್ತಿರಬೇಕೆಂದು ಮನೆಯವರು ಸಮಾಧಾನ ತಂದುಕೊಳ್ಳುವುದುಂಟು. ಆದರೆ ಏಳನೆಯ ತಿಂಗಳ ಹೊತ್ತಿಗೆ ಶಾಶ್ವತ ದಂತಗಳು ಸಾಮಾನ್ಯವಾಗಿ ಮೂಡಿ ಮುಗಿದಿರುವುದರಿಂದ, ಈ ವಯಸ್ಸಿನಲ್ಲಿ ಆ ಕಾರಣ ಸಲ್ಲದು.

ಗುಂಡಿಯು ಎಲ್ಲಿದೆ, ಯಾವ ಹೊತ್ತಿನಲ್ಲಿ ತೋಡಲ್ಪಟ್ಟಿತು ಎಂಬೆರಡನ್ನು ಗಮನಿಸಿದರೆ ಕಾರಣವು ಬಹುಮಟ್ಟಿಗೆ ತಾನಾಗಿಯೇ ಗೋಚರವಾಗುತ್ತದೆ. ಒಗೆಯುವ ಕಲ್ಲಿನ ಬಳಿಯ ತೇವದ ಮಣ್ಣನ್ನು ಮಧ್ಯಾಹ್ನ ಕೆದಕಿ, ಅದರಲ್ಲೇ ಹೊಟ್ಟೆಯೂರಿ ಮಲಗಿದ್ದರೆ ನಾಯಿಯು ಅರಸುತ್ತಿರುವುದು ತಂಪನ್ನು. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ಅದನ್ನು ದುರ್ಗುಣವೆನ್ನುವುದು ಅನ್ಯಾಯ. ಸಿರುಗುಪ್ಪದ ಭತ್ತದ ಗದ್ದೆಗಳ ಅಂಚಿನ ಮನೆಗಳಲ್ಲಿ ಗೋಡೆಯ ಗುಂಟ ಸಾಲಾಗಿ ತೋಡಿದ್ದರೆ, ಹೆಗ್ಗಣದ ಬಿಲವಿದೆಯೇ ಎಂದು ಮೊದಲು ನೋಡಬೇಕು. ಮನೆಯವರೆಲ್ಲರೂ ಹೊರಟೊಡನೆ ಬಾಗಿಲನ್ನೇ ಪರಚಿ, ಜೊಲ್ಲು ಸುರಿಸಿ, ಊಳಿಡುವುದಾದರೆ ಅದು ಒಂಟಿತನದ ಭೀತಿ. ಅದಕ್ಕೆ ನಡಿಗೆಯೊಂದೇ ಮದ್ದಲ್ಲ, ಪಶುವೈದ್ಯರ ಸಲಹೆ ಬೇಕು. ಇವಾವುವೂ ಅಲ್ಲದೆ, ಜನರಿರುವಾಗಲೂ ಸಿಕ್ಕಿದ್ದನ್ನೆಲ್ಲ ಕಚ್ಚುತ್ತ, ಸಂಜೆಯಾದೊಡನೆ ಅಂಗಳದಲ್ಲಿ ಹುಚ್ಚೆದ್ದಂತೆ ಸುತ್ತುತ್ತ, ಅಲ್ಲಲ್ಲಿ ತೋಡಿ ಬಿಡುತ್ತಿದ್ದರೆ ವ್ಯಾಯಾಮದ ಕೊರತೆಯೇ ಪ್ರಧಾನ ಕಾರಣವೆಂದು ಊಹಿಸಬಹುದು.

ನಮ್ಮ ಮರಿಯದು ಈ ಕೊನೆಯ ಬಗೆ. ಒಗೆಯುವ ಕಲ್ಲಿನ ಗುಂಡಿಯಲ್ಲಿ ಮಾತ್ರ ಸೆಕೆಯ ಪಾಲೂ ಇದೆ. ಮರಿಯನ್ನು ಸೂರ್ಯೋದಯಕ್ಕೆ ಮುನ್ನ ಬಯಲಿಗೆ ಕರೆದೊಯ್ಯಬೇಕು. ಮೊದಲ ಹತ್ತು ನಿಮಿಷ ಅದು ಮೂಸಿದಲ್ಲೆಲ್ಲ ನಿಲ್ಲಲು ಬಿಡಬೇಕು; ಮೂಸುವುದೂ ನಾಯಿಗೆ ದುಡಿಮೆಯೇ. ಅನಂತರ ಎದೆಪಟ್ಟಿಗೆ ಮೂವತ್ತು ಅಡಿಯಷ್ಟು ಉದ್ದದ ಹಗ್ಗ ಕಟ್ಟಿ, ಬಟ್ಟೆಯ ಚೆಂಡನ್ನು ಹತ್ತಿರದಲ್ಲೇ ಉರುಳಿಸಿ, ಇಪ್ಪತ್ತು ನಿಮಿಷ ನಡುನಡುವೆ ವಿಶ್ರಾಂತಿ ಕೊಟ್ಟು ಓಡಿಸಬೇಕು. ಹಗ್ಗವನ್ನು ಬಿಚ್ಚುವ ಧೈರ್ಯ ಬೇಡ: ಕುರುಗೋಡಿನ ಬೆಟ್ಟದ ತಪ್ಪಲಿನಲ್ಲಿ ಮೇಯುವ ಕುರಿಮಂದೆಯೊಂದು ಕಣ್ಣಿಗೆ ಬಿದ್ದರೆ, ಎಷ್ಟು ಕೂಗಿದರೂ ಬೇಟೆನಾಯಿ ಹಿಂದಿರುಗದು. ಬೈಕಿನ ಹಿಂದೆ ಓಡಿಸುವ ರೂಢಿಯಂತೂ ಸರ್ವಥಾ ತ್ಯಾಜ್ಯ. ಎತ್ತರದ ತಳಿಗಳ ಮೂಳೆಯ ಬೆಳವಣಿಗೆ ಒಂದು ವರ್ಷ ಕಳೆದರೂ ಪೂರ್ಣವಾಗಿರುವುದಿಲ್ಲ. ಸಂಜೆ ಮತ್ತೆ ಹೊರಡುವಾಗ ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲಿಟ್ಟು ನೋಡಬೇಕು. ಏಳು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕೆನಿಸಿದರೆ ನಾಯಿಯ ಪಾದಕ್ಕೂ ಅದು ಸುಡುವ ನೆಲವೇ. ಓಟದ ನಡುವೆ ಏದುಸಿರು ನಿಲ್ಲದೆ, ಜೊಲ್ಲು ಗಟ್ಟಿಯಾಗಿ, ವಸಡು ಕಡುಗೆಂಪಾಗಿ, ಹೆಜ್ಜೆ ತಡವರಿಸಿದರೆ, ಆ ಕ್ಷಣವೇ ನೆರಳಿಗೆ ತಂದು ಮೈಗೆ ನೀರು ಸುರಿದು, ಗಾಳಿ ಬೀಸುತ್ತ ಪಶುಚಿಕಿತ್ಸಾಲಯಕ್ಕೆ ಒಯ್ಯತಕ್ಕದ್ದು.

ನಡು ಹಗಲಿನ ದೀರ್ಘಕಾಲವು ಇದರಿಂದ ತುಂಬದು. ಆ ಹೊತ್ತಿಗೆ ಆಹಾರದ ಒಂದು ಭಾಗವನ್ನು, ಜೋಳದ ರೊಟ್ಟಿಯ ಚೂರುಗಳನ್ನಾದರೂ, ನೆರಳಿನಲ್ಲಿ ಹರಡಿದ ಹಳೆಯ ಗೋಣಿಚೀಲಗಳ ಮಡಿಕೆಗಳಲ್ಲಿ ಅಡಗಿಸಿಟ್ಟರೆ ಹುಡುಕುವ ಕೆಲಸ ದೊರೆಯುತ್ತದೆ. ಚೀಲವನ್ನೇ ಹರಿದು ನುಂಗುವ ನಾಯಿಗೆ ಮಾತ್ರ ಇದು ಸಲ್ಲದು. ಬೇವಿನ ಮರದಡಿ ಐದು ಅಡಿ ಉದ್ದ, ಮೂರು ಅಡಿ ಅಗಲದ ಒಂದು ಕುಣಿಗೆ ಮರಳು ತುಂಬಿ, ನೀರು ಚಿಮುಕಿಸಿ, ನಾಯಿಯ ಆಟಿಕೆಯನ್ನು ಅರ್ಧ ಹೂತಿಟ್ಟರೆ, ತೋಡುವ ಬಯಕೆಗೆ ನ್ಯಾಯವಾದ ಸ್ಥಳವೂ, ಮಲಗಲು ತಂಪೂ ಒಂದೆಡೆಯೇ ಲಭಿಸುತ್ತವೆ. ಬೇರೆಡೆ ತೋಡುತ್ತಿರುವಾಗಲೇ ಕಂಡರೆ ಶಾಂತವಾಗಿ ಇತ್ತ ಕರೆತರಬೇಕು. ಸಂಜೆ ಬಂದು, ಬೆಳಿಗ್ಗೆ ಹರಿದ ಚಪ್ಪಲಿಯನ್ನು ಮೂಗಿನೆದುರು ಹಿಡಿದು ಹೊಡೆದರೆ, ಆ ಮೂಕಪ್ರಾಣಿಯು ಕಲಿಯುವುದು ಯಜಮಾನನ ಆಗಮನಕ್ಕೆ ಅಂಜುವುದನ್ನಷ್ಟೇ.

ಕಚ್ಚಲು ಗಟ್ಟಿ ರಬ್ಬರಿನ ಆಟಿಕೆಯನ್ನು ಕೊಡಬಹುದು. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚೀತು. ಮಾವಿನ ವಾಟೆ, ಮೆಕ್ಕೆಜೋಳದ ದಿಂಡುಗಳು ಕರುಳಿನಲ್ಲಿ ಸಿಕ್ಕಿಕೊಂಡಾವು. ಏನನ್ನಾದರೂ ಕಡಿದು ನುಂಗಿದ ನಾಯಿ ಮೇಲಿಂದ ಮೇಲೆ ವಾಂತಿ ಮಾಡಿಕೊಂಡು, ಅನ್ನವನ್ನು ಮೂಸಿಯೂ ನೋಡದಿದ್ದರೆ ಮರುದಿನದವರೆಗೆ ಕಾಯುವಂತಿಲ್ಲ. ಈ ದಿನಚರಿಯನ್ನು ಮೂರು ನಾಲ್ಕು ವಾರ ತಪ್ಪದೆ ನಡೆಸಿಯೂ ಗೇಟಿನ ಬುಡದ ಗುಂಡಿಯೊಂದೇ ಮತ್ತೆ ಮತ್ತೆ ತೆರೆಯುತ್ತಿದ್ದರೆ, ಹತ್ತು ತಿಂಗಳು ತುಂಬಿದ ಗಂಡುನಾಯಿಯನ್ನು ಬೆದೆಗೆ ಬಂದ ಹೆಣ್ಣುನಾಯಿಯ ವಾಸನೆಯು ಹೊರಗಿನಿಂದ ಸೆಳೆಯುತ್ತಿರಬಹುದು. ಆಗ ಸಂತಾನಹರಣ ಶಸ್ತ್ರಚಿಕಿತ್ಸೆಯ ಕುರಿತು ಪಶುವೈದ್ಯರೊಡನೆ ಸಮಾಲೋಚಿಸುವುದು ಯುಕ್ತ.