ನೂರಕ್ಕೆ ಬರೆದುಕೊಟ್ಟು ತೊಂಬತ್ತನಾಲ್ಕು ಪಡೆಯುವ ಸಾಲ

1993ರ ಕೊನೆಯಲ್ಲಿ ಗುಜರಾತಿನ ಸರ್ದಾರ್ ಸರೋವರ ನರ್ಮದಾ ನಿಗಮ ಅಣೆಕಟ್ಟೆ ಕೆಲಸಕ್ಕೆ ದುಡ್ಡು ಬೇಕಾಗಿ ಒಂದು ಬಾಂಡ್ ಹೊರಡಿಸಿತು. ಈಗ 3,600 ರೂಪಾಯಿ ಕೊಟ್ಟರೆ ಇಪ್ಪತ್ತು ವರ್ಷದ ಮೇಲೆ 1,11,000 ರೂಪಾಯಿ ಸಿಗುತ್ತದೆ, ನಡುವೆ ಬಡ್ಡಿಯೆಂದು ಒಂದು ಪೈಸೆಯೂ ಇಲ್ಲ. ಮುಖಬೆಲೆ ಲಕ್ಷದ ಮೇಲೆ, ಮಾರಿದ ಬೆಲೆ ನಾಲ್ಕು ಸಾವಿರಕ್ಕೂ ಕಡಿಮೆ. ಇಂಥದ್ದಕ್ಕೆ ಡೀಪ್ ಡಿಸ್ಕೌಂಟ್ ಬಾಂಡ್ ಎಂದು ಹೆಸರು. ಕಂಪನಿ ಕಾನೂನಿನ ಕಣ್ಣಿಗೆ ಬಾಂಡ್ ಕೂಡ ಡಿಬೆಂಚರೇ. ಎರಡೂ ಕಂಪನಿಯೊಂದು ಸಾರ್ವಜನಿಕರಿಂದ ಸಾಲ ಪಡೆದು ಬರೆದುಕೊಟ್ಟ ಪತ್ರಗಳು.

ಬಡ್ಡಿ ಇಲ್ಲ ಎಂಬ ಮಾತು ನಿಜವಲ್ಲ. 3,600 ರೂಪಾಯಿ ಇಪ್ಪತ್ತು ವರ್ಷದಲ್ಲಿ 1,11,000 ಆಗಬೇಕಾದರೆ ವರ್ಷಕ್ಕೆ ಸುಮಾರು ಶೇ 18.7ರ ಚಕ್ರಬಡ್ಡಿ ಬೀಳಬೇಕು. ಬಡ್ಡಿಯನ್ನು ಪ್ರತಿವರ್ಷ ಕೈಗೆ ಕೊಡುವ ಬದಲು ಮುಖಬೆಲೆ ಮತ್ತು ಮಾರಿದ ಬೆಲೆಗಳ ನಡುವಿನ ಅಂತರದಲ್ಲಿ ಅಡಗಿಸಿಟ್ಟಿದ್ದರು, ಅಷ್ಟೆ. ಸಾವಿರಕ್ಕೆ ಪತ್ರ ಬರೆಸಿಕೊಂಡು ಒಂಬೈನೂರು ಮಾತ್ರ ಕೈಗಿಡುವ ಊರಿನ ಸಾಹುಕಾರನ ಲೆಕ್ಕವೂ ಇದೇ. ಡಿಸ್ಕೌಂಟ್ ಎಂದ ಕೂಡಲೇ ಬಟ್ಟೆ ಅಂಗಡಿಯ ರಿಯಾಯಿತಿ ನೆನಪಾಗುತ್ತದೆ. ಸಾಲಪತ್ರದ ಡಿಸ್ಕೌಂಟ್ ಸಾಲ ಕೊಟ್ಟವನಿಗೆ ಸಲ್ಲುವ ಬಡ್ಡಿಯ ಒಂದು ಭಾಗ.

ನಿಗಮದ ಕತೆಗೆ ಒಂದು ಬಾಲವೂ ಇದೆ. ಕಾಲ ಕಳೆದಂತೆ ದೇಶದಲ್ಲಿ ಬಡ್ಡಿದರ ಇಳಿಯಿತು, ಶೇ 18ರ ಸಾಲ ಹೊರಲಾರದ ಹೊರೆಯಾಯಿತು. 2008ರಲ್ಲಿ ಗುಜರಾತ್ ವಿಧಾನಸಭೆ ಕಾನೂನು ಮಾಡಿ, ಬಾಂಡನ್ನು ಅವಧಿಗೆ ಮೊದಲೇ ತೀರಿಸುವ ಅಧಿಕಾರವನ್ನು ನಿಗಮಕ್ಕೆ ಕೊಟ್ಟಿತು. ಹದಿನೈದು ವರ್ಷ ತುಂಬುವ ಹೊತ್ತಿಗೆ ಬಾಂಡೊಂದಕ್ಕೆ 50,000 ರೂಪಾಯಿ ಎಂದು ಗೊತ್ತುಮಾಡಿದರು. ಹಾಕಿದ ದಿನದಿಂದ ಲೆಕ್ಕ ಹಿಡಿದರೆ ಹೂಡಿಕೆದಾರನಿಗೆ ವರ್ಷಕ್ಕೆ ಶೇ 19ರಷ್ಟು ದಕ್ಕಿದೆ, ಅಲ್ಲಿ ಮೋಸವಿಲ್ಲ. ಆದರೆ ಉಳಿದ ಐದು ವರ್ಷದಲ್ಲಿ ಆ 50,000 ರೂಪಾಯಿ 1,11,000 ಆಗಬೇಕಿತ್ತು. ಅಂದರೆ ಇನ್ನೂ ಐದು ವರ್ಷ ಶೇ 17ರ ಗಳಿಕೆ. ಕೈಗೆ ಬಂದ ದುಡ್ಡನ್ನು ಬೇರೆಲ್ಲಿಟ್ಟರೂ ಆ ದರ ಸಿಗುವಂತಿರಲಿಲ್ಲ. ಸಾಲ ಪಡೆದವನು ಯಾವಾಗ, ಎಷ್ಟಕ್ಕೆ ತೀರಿಸುತ್ತಾನೆ ಎಂಬುದು ಬಡ್ಡಿದರದಷ್ಟೇ ದೊಡ್ಡ ವಿಷಯವಾಗುವುದು ಹೀಗೆ.

ಇನ್ನು ಒಂದು ಸಣ್ಣ ಲೆಕ್ಕಕ್ಕೆ ಬರೋಣ. ಒಂದು ಕಾರ್ಖಾನೆ ಇದೆ ಎಂದುಕೊಳ್ಳಿ. ನೂರು ರೂಪಾಯಿ ಮುಖಬೆಲೆಯ ಒಂದು ಲಕ್ಷ ಡಿಬೆಂಚರುಗಳನ್ನು ಅದು ಹೊರಡಿಸುತ್ತದೆ. ಬಡ್ಡಿ ಶೇ 9, ಐದು ವರ್ಷದ ಮೇಲೆ ಮುಖಬೆಲೆಗೆ ಮರುಪಾವತಿ. ಪೇಟೆಯಲ್ಲಿ ಇಂಥ ಕಂಪನಿಗೆ ಶೇ 9ಕ್ಕೆ ಯಾರೂ ಸಾಲ ಕೊಡುತ್ತಿಲ್ಲ. ಹಾಗಾಗಿ ಪತ್ರವೊಂದನ್ನು 94 ರೂಪಾಯಿಗೆ ಮಾರುತ್ತಾರೆ. ಕಂಪನಿಗೆ ಬಂದದ್ದು 94 ಲಕ್ಷ, ಕೊನೆಗೆ ಕೊಡಬೇಕಾದದ್ದು ಒಂದು ಕೋಟಿ. ವರ್ಷವರ್ಷದ ಒಂಬತ್ತು ರೂಪಾಯಿಗೆ ಕೊನೆಯ ಆರು ರೂಪಾಯಿಯನ್ನೂ ಕೂಡಿಸಿ ನೋಡಿದರೆ ಸಾಲದ ನಿಜವಾದ ದರ ಸುಮಾರು ಶೇ 10.6. ಷೇರನ್ನು ಹೀಗೆ ಮುಖಬೆಲೆಗಿಂತ ಕಡಿಮೆಗೆ ಮಾರಲು 2013ರ ಕಂಪನಿ ಕಾಯ್ದೆ ಸಾಮಾನ್ಯವಾಗಿ ಬಿಡುವುದಿಲ್ಲ. ಡಿಬೆಂಚರಿಗೆ ಆ ತಡೆ ಇಲ್ಲ, ಏಕೆಂದರೆ ಇದು ಮಾಲಿಕತ್ವವಲ್ಲ, ಸಾಲ.

ಈ ಆರು ಲಕ್ಷದ ವ್ಯತ್ಯಾಸ ಕಂಪನಿಯ ಲೆಕ್ಕದಲ್ಲಿ ಎಲ್ಲಿಗೆ ಹೋಗುತ್ತದೆ? ಮೊದಲ ವರ್ಷವೇ ಇಡಿಯಾಗಿ ನಷ್ಟ ಎಂದು ಬರೆದರೆ ಆ ವರ್ಷದ ಲಾಭ ಸುಮ್ಮನೆ ಕುಗ್ಗುತ್ತದೆ. ಐದನೆಯ ವರ್ಷಕ್ಕೆ ತಳ್ಳಿದರೆ ಅಲ್ಲಿಯವರೆಗೆ ಲಾಭ ಉಬ್ಬಿರುತ್ತದೆ. ಸಾಲ ಬಳಸಿದ ವರ್ಷಗಳೇ ಅದನ್ನು ಹೊರಬೇಕು. ಒಂದೇ ಸಲ ತೀರಿಸುವ ಸಾಲವಾದರೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 1,20,000 ರೂಪಾಯಿಯಂತೆ ಸಮನಾಗಿ ಕಳೆಯುತ್ತಾರೆ. ವರ್ಷಕ್ಕೆ 20 ಲಕ್ಷದಂತೆ ಕಂತಿನಲ್ಲಿ ತೀರಿಸುವುದಾದರೆ ಪಾಲು ಸಮನಾಗಿರುವಂತಿಲ್ಲ. ಮೊದಲ ವರ್ಷ ಇಡೀ ಕೋಟಿ ಬಳಕೆಯಲ್ಲಿತ್ತು, ಕೊನೆಯ ವರ್ಷ 20 ಲಕ್ಷ ಮಾತ್ರ. ಆಗ ಆರು ಲಕ್ಷವನ್ನು ಐದು, ನಾಲ್ಕು, ಮೂರು, ಎರಡು, ಒಂದರ ಪ್ರಮಾಣದಲ್ಲಿ ಹಂಚುತ್ತಾರೆ: ಮೊದಲ ವರ್ಷಕ್ಕೆ ಎರಡು ಲಕ್ಷ, ಕೊನೆಯ ವರ್ಷಕ್ಕೆ ನಲವತ್ತು ಸಾವಿರ. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಹೊಸ ಲೆಕ್ಕ ಮಾನದಂಡಗಳು ಆ ಶೇ 10.6ರ ದರವನ್ನೇ ಹಿಡಿದು ವರ್ಷದ ಬಡ್ಡಿ ವೆಚ್ಚ ತೋರಿಸಲು ಹೇಳುತ್ತವೆ. ದಾರಿ ಬೇರೆ, ಉದ್ದೇಶ ಅದೇ.

ಮೂರು ವರ್ಷ ಕಳೆಯಿತು ಎನ್ನೋಣ. ಅಷ್ಟರಲ್ಲಿ ಪೇಟೆಯ ಬಡ್ಡಿದರ ಶೇ 12ಕ್ಕೆ ಏರಿದೆ. ಶೇ 9ರ ಹಳೆಯ ಪತ್ರವನ್ನು ಈಗ ಯಾರೂ ನೂರಕ್ಕೆ ಕೊಳ್ಳುವುದಿಲ್ಲ. ಇನ್ನೆರಡು ವರ್ಷದ ಬಡ್ಡಿ ಮತ್ತು ಅಸಲನ್ನು ಶೇ 12ರ ದರದಲ್ಲಿ ಅಳೆದರೆ ಅದರ ಬೆಲೆ ಸುಮಾರು 95 ರೂಪಾಯಿ. ಕಂಪನಿ ಇಲ್ಲಿ ಅವಕಾಶ ಕಾಣುತ್ತದೆ. ತನ್ನದೇ 20,000 ಡಿಬೆಂಚರುಗಳನ್ನು ಪೇಟೆಯಿಂದ 19 ಲಕ್ಷಕ್ಕೆ ಕೊಂಡು ರದ್ದುಮಾಡಿದರೆ 20 ಲಕ್ಷದ ಸಾಲ ಕಳೆಯಿತು. ಡಿಸ್ಕೌಂಟಿನಲ್ಲಿ ಮರುಪಾವತಿ ಎಂದರೆ ಸಾಮಾನ್ಯವಾಗಿ ಇದೇ. ಅವಧಿ ಮುಗಿದ ದಿನ ಬಂದು ಕೇಳುವವರಿಗೆ ನೂರಕ್ಕೆ ಕಡಿಮೆ ಕೊಡುವ ಕರಾರಿಗೆ ಯಾರು ಒಪ್ಪಿಯಾರು?

ಒಂದು ಲಕ್ಷ ಲಾಭ ಎಂದು ಹಿಗ್ಗುವ ಮೊದಲು ಎರಡು ವಿಷಯ ನೋಡಬೇಕು. ಈ 20,000 ಪತ್ರಗಳ ಮೇಲೆ ಹಿಂದೆ ಕೊಟ್ಟ ಆರಾರು ರೂಪಾಯಿ ಡಿಸ್ಕೌಂಟಿನಲ್ಲಿ ಎರಡು ವರ್ಷದ ಪಾಲು, ಅಂದರೆ ಪತ್ರಕ್ಕೆ 2 ರೂಪಾಯಿ 40 ಪೈಸೆ, ಇನ್ನೂ ವೆಚ್ಚವಾಗಿ ಬರೆದಿಲ್ಲ. ಆ 48,000 ರೂಪಾಯಿ ಕಳೆದರೆ ನಿಜವಾದ ಲಾಭ 52,000. ಮತ್ತೊಂದು, ಪತ್ರದ ಬೆಲೆ ಏಕೆ ಇಳಿಯಿತು ಎಂಬ ಪ್ರಶ್ನೆ. ದೇಶದ ಬಡ್ಡಿದರ ಏರಿ ಇಳಿದಿದ್ದರೆ ಅದೊಂದು ಮಾತು. ಈ ಕಂಪನಿ ದುಡ್ಡು ಕೊಡುತ್ತದೋ ಇಲ್ಲವೋ ಎಂಬ ಅನುಮಾನದಿಂದ ಇಳಿದಿದ್ದರೆ, ತನ್ನ ಮೇಲಿನ ಅಪನಂಬಿಕೆಯಿಂದಲೇ ಕಂಪನಿ ಲಾಭ ತೋರಿಸಿಕೊಂಡಂತಾಗುತ್ತದೆ. ಲೆಕ್ಕದ ನಿಯಮ ಅದನ್ನು ತಡೆಯುವುದಿಲ್ಲ. ಓದುಗರೇ ಗಮನಿಸಬೇಕು.

ಪೇಟೆಯಲ್ಲಿ ಕೊಳ್ಳಲಿ, ಅವಧಿ ಮುಗಿದ ಮೇಲೆ ತೀರಿಸಲಿ, ಕೈಯಲ್ಲಿ ನಗದು ಇರಬೇಕಲ್ಲ. ಐದು ವರ್ಷದ ಸಾಲದ ದುಡ್ಡು ಅಷ್ಟರಲ್ಲಿ ಯಂತ್ರವಾಗಿ, ಕಟ್ಟಡವಾಗಿ, ಗೋದಾಮಿನ ಸರಕಾಗಿ ಹೋಗಿರುತ್ತದೆ. ಲಾಭ ಚೆನ್ನಾಗಿರುವ ಕಂಪನಿಯೂ ಒಂದೇ ದಿನ ಒಂದು ಕೋಟಿ ಹೊಂದಿಸಲಾರದೆ ಒದ್ದಾಡಬಹುದು. ಸಿಂಕಿಂಗ್ ಫಂಡ್ ಬೇಕಾಗುವುದು ಇದಕ್ಕೇ.

ಕಂಪನಿ ಪ್ರತಿ ವರ್ಷದ ಕೊನೆಯಲ್ಲಿ ಒಂದು ಮೊತ್ತವನ್ನು ಎತ್ತಿಟ್ಟು ಶೇ 6ರ ಬಡ್ಡಿಗೆ ಹೂಡುತ್ತದೆ, ಬಂದ ಬಡ್ಡಿಯನ್ನೂ ಅಲ್ಲೇ ಹೂಡುತ್ತದೆ ಎಂದುಕೊಂಡರೆ, ಐದನೆಯ ವರ್ಷದ ಕೊನೆಗೆ ಒಂದು ಕೋಟಿ ಆಗಲು ವರ್ಷಕ್ಕೆ 17,73,964 ರೂಪಾಯಿ ಸಾಕು. ಐದು ಕಂತು ಸೇರಿ 88.7 ಲಕ್ಷ, ಉಳಿದ 11.3 ಲಕ್ಷವನ್ನು ಬಡ್ಡಿಯೇ ದುಡಿದುಕೊಡುತ್ತದೆ.

ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ, ಜನ ಎಡವುವುದೂ ಇಲ್ಲಿಯೇ. ಲಾಭದಿಂದ 17.7 ಲಕ್ಷವನ್ನು ಬೇರೆ ತಲೆಬರಹಕ್ಕೆ ವರ್ಗಾಯಿಸಿದರೆ ಷೇರುದಾರರಿಗೆ ಅಷ್ಟನ್ನು ಲಾಭಾಂಶವಾಗಿ ಹಂಚುವಂತಿಲ್ಲ ಎಂದಾಯಿತು. ಅದು ಮೀಸಲು. ಆದರೆ ಮೀಸಲು ಎಂದು ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಪೆಟ್ಟಿಗೆಯಲ್ಲಿ ದುಡ್ಡು ಕೂತಿರುವುದಿಲ್ಲ. ಅದೇ ದುಡ್ಡಿನಲ್ಲಿ ಹೊಸ ಲಾರಿ ಕೊಂಡಿದ್ದರೂ ಮೀಸಲಿನ ಅಂಕಿ ಹಾಗೇ ಇರುತ್ತದೆ. ಆ ಮೊತ್ತದ ನಗದನ್ನು ವ್ಯವಹಾರದಿಂದ ಹೊರತೆಗೆದು ಸರ್ಕಾರಿ ಬಾಂಡಿನಲ್ಲೋ ಬ್ಯಾಂಕ್ ಠೇವಣಿಯಲ್ಲೋ ಇಟ್ಟಾಗ ಮಾತ್ರ ಅದು ಸಿಂಕಿಂಗ್ ಫಂಡ್.

ಇಟ್ಟ ಮೇಲೂ ಕೆಡುವುದುಂಟು. ಬಡ್ಡಿ ಶೇ 6ರ ಬದಲು ಶೇ 5 ಮಾತ್ರ ಸಿಕ್ಕರೆ ಕೊನೆಗೆ ಸುಮಾರು 98 ಲಕ್ಷವಾಗುತ್ತದೆ, ಎರಡು ಲಕ್ಷದಷ್ಟು ಕೊರತೆ. ದರ ಏರಿದರೂ ತೊಂದರೆಯೇ. ಹತ್ತು ವರ್ಷದ ಸರ್ಕಾರಿ ಬಾಂಡ್ ಕೊಂಡಿಟ್ಟು ಐದನೆಯ ವರ್ಷ ಮಾರಲು ಹೋದರೆ ಬೆಲೆ ಬಿದ್ದಿರುತ್ತದೆ. ಹೂಡಿಕೆಗಳ ಅವಧಿ ಸಾಲದ ಅವಧಿಗೆ ಹೊಂದಿಕೊಂಡಿರಬೇಕು ಎನ್ನುವುದು ಇದಕ್ಕೇ.

ಎಲ್ಲಕ್ಕಿಂತ ದೊಡ್ಡ ಅಪಾಯ ನಿಧಿಗೇ ಕೈಹಾಕುವುದು. ಬ್ರಿಟನ್ 1717ರಲ್ಲಿ ರಾಷ್ಟ್ರದ ಸಾಲ ತೀರಿಸಲು ಇಂಥ ನಿಧಿ ಕಟ್ಟಿತು. ಆ ಯೋಜನೆಯ ಹಿಂದೆ ದುಡಿದಿದ್ದ ರಾಬರ್ಟ್ ವಾಲ್‌ಪೋಲರೇ 1733ರಲ್ಲಿ ಜಮೀನು ತೆರಿಗೆ ಏರಿಸುವುದನ್ನು ತಪ್ಪಿಸಲು ಅದರಿಂದ ಐದು ಲಕ್ಷ ಪೌಂಡು ತೆಗೆದುಕೊಂಡರು. 1786ರಲ್ಲಿ ಪ್ರಧಾನಿ ವಿಲಿಯಂ ಪಿಟ್ ಯಾರೂ ಮುಟ್ಟದಂತೆ ಕಮಿಷನರುಗಳನ್ನು ನೇಮಿಸಿ ಹೊಸ ನಿಧಿ ಮಾಡಿದರು, ವರ್ಷಕ್ಕೆ ಹತ್ತು ಲಕ್ಷ ಪೌಂಡು. ಈ ಸಲ ತಪ್ಪು ಬೇರೆ ಕಡೆಯಿಂದ ಬಂತು. ಫ್ರಾನ್ಸಿನೊಡನೆ ಯುದ್ಧ ಹತ್ತಿದ ಮೇಲೆ ಖಜಾನೆಯಲ್ಲಿ ಉಳಿತಾಯವೇ ಇರಲಿಲ್ಲ. ಆದರೂ ನಿಧಿಗೆ ಕಂತು ತಪ್ಪಬಾರದೆಂದು ಹೊಸ ಸಾಲ ಎತ್ತಿ ಹಾಕಿದರು, ಅದೂ ಹಳೆಯ ಸಾಲಕ್ಕಿಂತ ಹೆಚ್ಚಿನ ಬಡ್ಡಿಗೆ. ಉಳಿತಾಯವಿಲ್ಲದೆ ನಿಧಿಯಿಂದ ಸಾಲ ತೀರದು ಎಂದು ಸ್ಕಾಟ್ಲೆಂಡಿನ ರಾಬರ್ಟ್ ಹ್ಯಾಮಿಲ್ಟನ್ 1813ರಲ್ಲಿ ಪುಸ್ತಕ ಬರೆದು ತೋರಿಸಬೇಕಾಯಿತು.

ನಮ್ಮ ದೇಶದ ಕಾನೂನು ಎಷ್ಟು ಕೇಳುತ್ತದೆ? ಪೇಟೆಯಲ್ಲಿ ನೋಂದಣಿಯಾಗದ ಸಾಮಾನ್ಯ ಕಂಪನಿ ಬಾಕಿ ಡಿಬೆಂಚರುಗಳ ಶೇ 10ರಷ್ಟು ಮೊತ್ತವನ್ನು ಲಾಭದಿಂದ ಮೀಸಲಿಡಬೇಕು. 2019ರ ಆಗಸ್ಟಿಗೆ ಮುಂಚೆ ಇದು ಶೇ 25 ಇತ್ತು. ಆಗಿನ ತಿದ್ದುಪಡಿ ಪೇಟೆಯಲ್ಲಿ ನೋಂದಾಯಿತ ಕಂಪನಿಗಳನ್ನೂ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಹಣಕಾಸು ಕಂಪನಿಗಳನ್ನೂ ಈ ಮೀಸಲಿನಿಂದ ಬಿಡಿಸಿತು. ಐಎಲ್ ಅಂಡ್ ಎಫ್‌ಎಸ್ ಸಾಲ ತೀರಿಸಲಾರದೆ ಕುಸಿದು ಒಂದು ವರ್ಷವೂ ಆಗಿರಲಿಲ್ಲ. ಆ ಹೊತ್ತಿಗೆ ಈ ಸಡಿಲಿಕೆ ಬೇಕಿತ್ತೇ ಎಂಬುದು ನನಗಂತೂ ಇನ್ನೂ ಅರ್ಥವಾಗಿಲ್ಲ. ನಿಜವಾದ ನಗದಿನ ವಿಷಯಕ್ಕೆ ಬಂದರೆ, ಆ ಆರ್ಥಿಕ ವರ್ಷದಲ್ಲಿ ಅವಧಿ ಮುಗಿಯುವ ಡಿಬೆಂಚರುಗಳ ಶೇ 15ರಷ್ಟನ್ನು ಏಪ್ರಿಲ್ 30ರೊಳಗೆ ಬ್ಯಾಂಕ್ ಠೇವಣಿ ಅಥವಾ ಸರ್ಕಾರಿ ಪತ್ರಗಳಲ್ಲಿ ಇಡಬೇಕು. ಇದಕ್ಕೂ ವಿನಾಯಿತಿಗಳಿವೆ.

ನಮ್ಮ ಕಾರ್ಖಾನೆ ನೋಂದಣಿಯಾಗದ ಕಂಪನಿಯಾದರೆ ಕಾನೂನಿನ ಪ್ರಕಾರ ಮೀಸಲು ಹತ್ತು ಲಕ್ಷ, ಕೊನೆಯ ವರ್ಷ ಕೈಯಲ್ಲಿರಬೇಕಾದ ಹೂಡಿಕೆ ಹದಿನೈದು ಲಕ್ಷ. ಮಿಕ್ಕ 85 ಲಕ್ಷ ಎಲ್ಲಿಂದ ಬರುತ್ತದೆ ಎಂದು ಕಾನೂನು ಕೇಳುವುದಿಲ್ಲ. ಬಹಳಷ್ಟು ಕಂಪನಿಗಳು ಹೊಸ ಡಿಬೆಂಚರು ಮಾರಿ ಹಳೆಯದನ್ನು ತೀರಿಸುತ್ತವೆ. ಪೇಟೆ ತೆರೆದಿರುವವರೆಗೆ ಅದು ನಡೆಯುತ್ತದೆ. ಡಿಬೆಂಚರು ಕೊಳ್ಳುವ ಮುನ್ನ ಕಂಪನಿಯ ಬ್ಯಾಲೆನ್ಸ್ ಶೀಟ್ ತೆರೆದು, ಹೊಣೆಗಳ ಕಡೆ ಬರೆದ ಮೀಸಲಿಗೆ ಸರಿಯಾದ ಹೂಡಿಕೆ ಆಸ್ತಿಗಳ ಕಡೆಯೂ ಇದೆಯೇ, ಆ ಹೂಡಿಕೆ ತನ್ನದೇ ಗುಂಪಿನ ಇನ್ನೊಂದು ಕಂಪನಿಯ ಪತ್ರಗಳಲ್ಲಿ ಕೂತಿದೆಯೇ ಎಂದು ನೋಡಬಹುದು. ಟಿಪ್ಪಣಿಗಳಲ್ಲಿ ಎರಡೂ ಸಿಗುತ್ತವೆ.